ಫೆನಿಟಾಯಿನ್‌ನಿಂದ ಡ್ರೆಸ್: ಜರ್ನಲ್ ಕ್ಲಬ್ಬಿನ ಪ್ರಕರಣ ಮಂಡನೆಗೆ ಸ್ಲೈಡುಗಳನ್ನು ಜೋಡಿಸುವ ಕ್ರಮ

ಡ್ರೆಸ್‌ನಂಥ, ಅಂದರೆ ಜ್ವರ, ದದ್ದು, ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆ ಮತ್ತು ಅಂಗಹಾನಿ ಕೂಡಿದ, ಅಪರೂಪದ ಔಷಧ ಪ್ರತಿಕ್ರಿಯೆಯೊಂದನ್ನು ಜರ್ನಲ್ ಕ್ಲಬ್ಬಿನಲ್ಲಿ ಮಂಡಿಸುವವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಮೊದಲ ಸ್ಲೈಡಿನಲ್ಲಿಯೇ ಔಷಧದ ಹೆಸರನ್ನೂ ರೋಗದ ಹೆಸರನ್ನೂ ಬರೆದುಬಿಟ್ಟು, ಉಳಿದ ಸ್ಲೈಡುಗಳನ್ನೆಲ್ಲ ಆ ತೀರ್ಪಿಗೆ ಸಾಕ್ಷ್ಯ ಹೊಂದಿಸುವುದಕ್ಕೆ ಬಳಸುತ್ತಾರೆ. ಸಭೆಯಲ್ಲಿ ಯಾರಾದರೂ ‘ಇದೇ ಮದ್ದಿನಿಂದ ಆಯಿತೆಂದು ಹೇಗೆ ಹೇಳುತ್ತೀರಿ, ನಡುವೆ ಕೊಟ್ಟ ಆ್ಯಂಟಿಬಯಾಟಿಕ್‌ನಿಂದ ಯಾಕಾಗಿರಬಾರದು?’ ಎಂದು ಕೇಳಿದಾಗ ಉತ್ತರಿಸಲು ಬೇಕಾದ ದಿನಾಂಕಗಳು ಯಾವ ಸ್ಲೈಡಿನಲ್ಲಿಯೂ ಇರುವುದಿಲ್ಲ. ಕಾಸರಗೋಡಿನ ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡಬೇಕಾದ ಹೌಸ್ ಸರ್ಜನ್ನರು ಮತ್ತು ಫಾರ್ಮ್‌ ಡಿ ವಿದ್ಯಾರ್ಥಿಗಳಿಗಾಗಿ, ಒಂದೇ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು, ಸ್ಲೈಡುಗಳನ್ನು ಯಾವ ಕ್ರಮದಲ್ಲಿ ತಯಾರಿಸಬೇಕು ಮತ್ತು ಯಾವ ಕ್ರಮದಲ್ಲಿ ತೋರಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಈ ಎರಡು ಕ್ರಮಗಳು ಬೇರೆ ಬೇರೆ.

ಪ್ರಕರಣವು ಈ ಬರಹಕ್ಕಾಗಿ ಕಲ್ಪಿಸಿಕೊಂಡದ್ದು. ಬದಿಯಡ್ಕದ ಕಡೆಯ 38 ವರ್ಷದ ಕಾರ್ಮಿಕರೊಬ್ಬರು ಅಡಿಕೆ ಕೊಯ್ಯುವಾಗ ಕಂಗಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು, ಮಂಗಳೂರಿನ ಆಸ್ಪತ್ರೆಯೊಂದಕ್ಕೆ ದಾಖಲಾದರು. ಮೆದುಳಿನಲ್ಲಿ ಸಣ್ಣ ರಕ್ತಸ್ರಾವವಿತ್ತು; ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಅಪಸ್ಮಾರದ ಸೆಳೆತವೂ ಬರಲಿಲ್ಲ. ಸೆಳೆತ ಬಾರದಿರಲೆಂದು ಫೆನಿಟಾಯಿನ್ ಆರಂಭಿಸಿದರು. ಸುಮಾರು ಮೂರು ವಾರಗಳ ಅನಂತರ ಜ್ವರ, ಆಮೇಲೆ ಮೈಮೇಲೆ ದದ್ದು, ಮುಖದ ಬಾವು.

## ಹಂತ 1: ಕಂಪ್ಯೂಟರು ತೆರೆಯುವ ಮೊದಲು ಕಾಗದಪತ್ರಗಳನ್ನು ಒಟ್ಟುಮಾಡುವುದು

ಬೇಕಾಗುವವು ಐದು: ಈಗಿನ ದಾಖಲಾತಿಯ ಕೇಸ್ ಶೀಟು, ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ನಡುವೆ ಹೋದ ಕ್ಲಿನಿಕ್ಕಿನ ಚೀಟಿ, ಮದ್ದಿನಂಗಡಿಯ ಬಿಲ್ಲುಗಳು, ಮತ್ತು ಮನೆಯಲ್ಲಿ ಉಳಿದಿರುವ ಗುಳಿಗೆಗಳ ಸ್ಟ್ರಿಪ್ಪುಗಳು. ಕೊನೆಯದನ್ನು ತರಿಸಿಕೊಳ್ಳದೆ ಮುಂದೆ ಹೋಗಬೇಡಿ. ಗಡಿಯ ಆಚೆ ಚಿಕಿತ್ಸೆ ಪಡೆದು ಈಚೆ ಬಂದ ರೋಗಿಯ ವಿವರಗಳು ಎರಡು ರಾಜ್ಯಗಳ ಕಾಗದಗಳಲ್ಲಿ ಹಂಚಿಹೋಗಿರುತ್ತವೆ, ಮತ್ತು ನಮ್ಮ ಕೇಸ್ ಶೀಟಿನಲ್ಲಿ ‘ತಲೆಯ ಪೆಟ್ಟಿಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ’ ಎಂಬ ಒಂದು ಸಾಲು ಮಾತ್ರ ಇರುತ್ತದೆ.

ವಿವರ ಕೇಳುವಾಗ ರೋಗಿ ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಕೇಳುವುದು ಒಳ್ಳೆಯದು. ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ‘ಬೇರೆ ಮದ್ದಿಲ್ಲ’ ಎಂದವರು, ತುಳುವಿನಲ್ಲಿಯೋ ಕನ್ನಡದಲ್ಲಿಯೋ ಮತ್ತೆ ಕೇಳಿದಾಗ ಊರಿನ ವೈದ್ಯರ ಕಷಾಯವನ್ನೂ ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನೂ ನೆನಪಿಸಿಕೊಳ್ಳುವುದುಂಟು. ಆಸ್ಪತ್ರೆಗೆ ದಾಖಲಾಗುವುದಕ್ಕೆ ಮೊದಲಿನ ಎಂಟು ವಾರಗಳಲ್ಲಿ ಹೊಟ್ಟೆಗೆ ಹೋದದ್ದನ್ನೆಲ್ಲ ಕೇಳಬೇಕು, ಏಕೆಂದರೆ ಡ್ರೆಸ್ ಸಾಮಾನ್ಯವಾಗಿ ಮದ್ದು ಆರಂಭಿಸಿದ ಎರಡರಿಂದ ಎಂಟು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ.

ಚಿತ್ರಗಳನ್ನು ತೋರಿಸುವುದಕ್ಕೆ ಲಿಖಿತ ಒಪ್ಪಿಗೆಯನ್ನೂ ಈಗಲೇ ಪಡೆಯಬೇಕು, ಅದೂ ರೋಗಿ ಓದಬಲ್ಲ ಲಿಪಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವರಿಂದ ಮಲಯಾಳ ನಮೂನೆಗೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮುಚ್ಚಿತೆಂದು ತಿಳಿಯಬೇಡಿ. ಸಣ್ಣ ಊರಿನಲ್ಲಿ ‘ಇಂಥ ಪಂಚಾಯತಿನ, ಕಂಗಿನಿಂದ ಬಿದ್ದವರು’ ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಸ್ಲೈಡಿನಲ್ಲಿ ವಯಸ್ಸು, ಲಿಂಗ, ‘ಎತ್ತರದಿಂದ ಬಿದ್ದು ತಲೆಗೆ ಪೆಟ್ಟು’ ಇಷ್ಟಿದ್ದರೆ ಧಾರಾಳವಾಯಿತು. ಲ್ಯಾಬ್ ವರದಿಯ ಚಿತ್ರವನ್ನು ಅಂಟಿಸುವಾಗ ಮೇಲಿನ ಮೂಲೆಯ ಆಸ್ಪತ್ರೆ ಸಂಖ್ಯೆಯನ್ನು ಕತ್ತರಿಸಲು ಮರೆಯುವವರು ಬಹಳ.

## ಹಂತ 2: ಕಾಲರೇಖೆಯ ಸ್ಲೈಡನ್ನು ಎಲ್ಲಕ್ಕಿಂತ ಮೊದಲು ತಯಾರಿಸುವುದು

ಸಭೆಯಲ್ಲಿ ಇದು ಐದನೆಯದೋ ಆರನೆಯದೋ ಸ್ಲೈಡಾಗಿ ಬರಬಹುದು, ಆದರೆ ತಯಾರಿಯಲ್ಲಿ ಇದೇ ಮೊದಲನೆಯದು. ಇದು ಸರಿಯಾದ ಹೊರತು ಬೇರೆ ಯಾವ ಸ್ಲೈಡನ್ನೂ ಮುಟ್ಟಬಾರದು.

ಅಡ್ಡಗೆರೆಯೊಂದನ್ನು ಎಳೆದು, ಅದರ ಮೇಲ್ಭಾಗದಲ್ಲಿ ಪ್ರತಿಯೊಂದು ಮದ್ದಿಗೂ ಒಂದು ಪಟ್ಟಿ, ಆರಂಭವಾದ ದಿನದಿಂದ ನಿಂತ ದಿನದವರೆಗೆ. ಕೆಳಭಾಗದಲ್ಲಿ ಲಕ್ಷಣಗಳು ಮತ್ತು ಮುಖ್ಯವಾದ ಎರಡೋ ಮೂರೋ ರಕ್ತಪರೀಕ್ಷೆಗಳು. ದಿನಾಂಕಗಳ ಬದಲು ದಿನದ ಸಂಖ್ಯೆಯನ್ನು ಹಾಕಿ. ದಿನ 1 ಎಂದರೆ ಸಂಶಯಿತ ಮದ್ದಿನ ಮೊದಲ ಡೋಸು ಕೊಟ್ಟ ದಿನ, ಆಸ್ಪತ್ರೆಗೆ ದಾಖಲಾದ ದಿನವಲ್ಲ. ದಾಖಲಾತಿಯನ್ನು ದಿನ 1 ಎಂದು ಎಣಿಸುವ ಅಭ್ಯಾಸ ಕೇಸ್ ಶೀಟಿನಿಂದ ಬಂದದ್ದು. ಅದರಿಂದ ಮದ್ದು ಮತ್ತು ಲಕ್ಷಣದ ನಡುವಿನ ಅಂತರ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಪ್ರಕರಣದಲ್ಲಿ ಕಾಲರೇಖೆ ಹೀಗಿರುತ್ತದೆ. ದಿನ 1ರಂದು ಫೆನಿಟಾಯಿನ್ ಆರಂಭ. ದಿನ 6ರಂದು ಡಿಸ್ಚಾರ್ಜ್. ಚೀಟಿಯಲ್ಲಿ ‘ಫೆನಿಟಾಯಿನ್ ರಾತ್ರಿ 300 ಮಿ.ಗ್ರಾಂ, ಮುಂದುವರಿಸಿ’ ಎಂದಿದೆ, ಎಲ್ಲಿಯವರೆಗೆ ಎಂದಿಲ್ಲ. ದಿನ 23ರಂದು ಜ್ವರ. ದಿನ 25ರಂದು ಊರಿನ ಕ್ಲಿನಿಕ್ಕಿನಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮತ್ತು ಪ್ಯಾರಸಿಟಮಾಲ್. ದಿನ 27ರಂದು ಎದೆಯ ಮೇಲೆ ದದ್ದು, ಎರಡು ದಿನಗಳಲ್ಲಿ ಮುಖ ಊದಿಕೊಂಡಿತು. ದಿನ 30ರಂದು ನಮ್ಮಲ್ಲಿ ದಾಖಲು. ಅದೇ ದಿನ ಫೆನಿಟಾಯಿನ್ ಮತ್ತು ಆ್ಯಂಟಿಬಯಾಟಿಕ್ ಎರಡನ್ನೂ ನಿಲ್ಲಿಸಿ, ಪ್ರೆಡ್ನಿಸೊಲೋನ್ ಆರಂಭಿಸಲಾಯಿತು. ದಿನ 36ಕ್ಕೆ ಜ್ವರ ಬಿಟ್ಟಿತು. ದದ್ದು ಪೂರ್ತಿ ಹೋಗಿ ಯಕೃತ್ತಿನ ಪರೀಕ್ಷೆಗಳು ಸರಿಯಾದದ್ದು ದಿನ 58ಕ್ಕೆ.

ರೇಖೆ ಎಳೆದ ಮೇಲೆ ನೋಡಬೇಕಾದ ಜಾಗ ದಿನ 23ರಿಂದ 27. ರೋಗಿಯ ಮನೆಯವರು ‘ಆ ಕ್ಲಿನಿಕ್ಕಿನ ಗುಳಿಗೆ ತೆಗೆದುಕೊಂಡ ಮೇಲೆ ಮೈಯೆಲ್ಲ ಕೆಂಪಾಯಿತು’ ಎನ್ನುತ್ತಾರೆ, ಕೇಸ್ ಶೀಟಿನಲ್ಲಿಯೂ ಅದನ್ನೇ ಬರೆದಿರುತ್ತಾರೆ. ಆದರೆ ಪ್ರತಿಕ್ರಿಯೆಯ ಮೊದಲ ಲಕ್ಷಣ ದದ್ದಲ್ಲ, ಜ್ವರ. ಅದು ಆ್ಯಂಟಿಬಯಾಟಿಕ್‌ಗಿಂತ ಎರಡು ದಿನ ಮೊದಲೇ ಬಂದಿದೆ. ಡ್ರೆಸ್‌ನಲ್ಲಿ ಜ್ವರ ಮೊದಲು ಬರುವುದು ಸಾಮಾನ್ಯ. ಆ ಜ್ವರಕ್ಕೆ ಕೊಟ್ಟ ಮದ್ದಿನ ಮೇಲೆಯೇ ಅಪವಾದ ಬರುವುದೂ ಅಷ್ಟೇ ಸಾಮಾನ್ಯ. ನಿಮ್ಮ ಮಂಡನೆಯ ತಿರುಳು ಈ ನಾಲ್ಕು ದಿನಗಳಲ್ಲಿದೆ ಎಂದು ತಿಳಿದರೆ ಉಳಿದ ಸ್ಲೈಡುಗಳಿಗೆ ಏನು ಬೇಕು, ಏನು ಬೇಡ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಎಚ್ಚರಿಕೆಯ ಸೂಚನೆ: ಜ್ವರ ಬಂದ ದಿನ ಮತ್ತು ಆ್ಯಂಟಿಬಯಾಟಿಕ್ ಆರಂಭಿಸಿದ ದಿನ ಎರಡೂ ಒಂದೇ ಎಂದು ನಿಮ್ಮ ರೇಖೆಯಲ್ಲಿ ಬಂದಿದ್ದರೆ, ವಾರ್ಡಿಗೆ ಮರಳಿ ಹೋಗಿ ಮತ್ತೆ ಕೇಳಿ. ಕ್ಲಿನಿಕ್ಕಿಗೆ ಹೋದ ದಿನವನ್ನೇ ಜ್ವರದ ಮೊದಲ ದಿನವೆಂದು ಬರೆದಿರುವ ಸಂಭವವೇ ಹೆಚ್ಚು.

## ಹಂತ 3: ರೋಗಿಯ ವಿವರದ ಸ್ಲೈಡುಗಳು

ಇಪ್ಪತ್ತು ನಿಮಿಷದ ಮಂಡನೆಗೆ ಹನ್ನೆರಡು ಸ್ಲೈಡು ಮೀರಬಾರದು. ಅವುಗಳಲ್ಲಿ ಮೊದಲ ನಾಲ್ಕು ಇವು. ಶೀರ್ಷಿಕೆಯಲ್ಲಿ ‘ತಲೆಯ ಪೆಟ್ಟಿನ ಮೂರು ವಾರಗಳ ಬಳಿಕ ಜ್ವರ ಮತ್ತು ದದ್ದು’ ಎಂದಿರಲಿ, ಮದ್ದಿನ ಹೆಸರು ಬೇಡ. ಎರಡನೆಯದರಲ್ಲಿ ಕಾಯಿಲೆಯ ಕಥನ, ಮೂರನೆಯದರಲ್ಲಿ ದೇಹಪರೀಕ್ಷೆ, ನಾಲ್ಕನೆಯದರಲ್ಲಿ ರಕ್ತಪರೀಕ್ಷೆ.

ದೇಹಪರೀಕ್ಷೆಯಲ್ಲಿ ‘ಮೈತುಂಬ ದದ್ದು’ ಎಂದು ಬರೆದರೆ ಮುಂದೆ ರೋಗನಿರ್ಣಯದ ಅಂಕಪಟ್ಟಿಯಲ್ಲಿ ಅಂಕ ಹಾಕುವಾಗ ಸಿಕ್ಕಿಬೀಳುತ್ತೀರಿ. ಚರ್ಮದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಇತ್ತೇ, ಮುಖದ ಬಾವು ಇತ್ತೇ, ಸಿಪ್ಪೆ ಏಳುತ್ತಿತ್ತೇ, ಬಾಯಿ ಮತ್ತು ಕಣ್ಣಿನ ಒಳಪದರ ಹೇಗಿತ್ತು, ಊದಿದ ದುಗ್ಧಗ್ರಂಥಿಗಳ ಗಂಟುಗಳು ಎಷ್ಟು ಕಡೆ ಕೈಗೆ ಸಿಕ್ಕವು ಎಂಬುದನ್ನು ಬೇರೆ ಬೇರೆಯಾಗಿ ಹೇಳಬೇಕು. ನಮ್ಮ ರೋಗಿಯಲ್ಲಿ ದದ್ದು ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿತ್ತು, ಮುಖದ ಬಾವು ಮತ್ತು ಸಿಪ್ಪೆ ಏಳುವಿಕೆ ಇದ್ದವು, ಬಾಯಿ ಸರಿಯಾಗಿತ್ತು, ಕತ್ತಿನಲ್ಲಿಯೂ ಕಂಕುಳಲ್ಲಿಯೂ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಂಟುಗಳಿದ್ದವು. ಬಾಯಿ ಹುಣ್ಣಾಗದಿರುವುದನ್ನು ಹೇಳದೆ ಬಿಟ್ಟರೆ, ಬಾಯಿಯ ಒಳಪದರ ಹುಣ್ಣಾಗುವ ಇನ್ನೊಂದು ತೀವ್ರ ಔಷಧ ಪ್ರತಿಕ್ರಿಯೆಯಾದ ಸ್ಟೀವನ್ಸ್-ಜಾನ್ಸನ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ.

ರಕ್ತಪರೀಕ್ಷೆಯಲ್ಲಿ ಲ್ಯಾಬು ಕೊಟ್ಟ ಶೇಕಡಾವನ್ನಷ್ಟೇ ತೋರಿಸುವುದು ಇನ್ನೊಂದು ತಪ್ಪು. ಬಿಳಿ ರಕ್ತಕಣ 14,800, ಇಯೋಸಿನೋಫಿಲ್ ಶೇ. 18 ಎಂದಿದ್ದರೆ, ಗುಣಿಸಿ 2,664 ಎಂದು ಬರೆಯಿರಿ. ಅಂಕಪಟ್ಟಿ ಕೇಳುವುದು ಈ ಸಂಖ್ಯೆಯನ್ನು. ಯಕೃತ್ತಿನ ಎಎಲ್‌ಟಿ ದಿನ 30ರಂದು 412, ದಿನ 33ರಂದು 468. ಎರಡು ಬೇರೆ ದಿನಗಳ ಸಂಖ್ಯೆ ಇರಲೇಬೇಕು, ಒಂದೇ ದಿನದ ಏರಿಕೆಯನ್ನು ಅಂಗಹಾನಿಯೆಂದು ಒಪ್ಪುವುದಿಲ್ಲ. ಸಹಜವಾಗಿರುವ ಪರೀಕ್ಷೆಗಳನ್ನೆಲ್ಲ ತುಂಬಿದ ಪಟ್ಟಿಯನ್ನು ತೆಗೆದುಹಾಕಿ, ‘ಮೂತ್ರಪಿಂಡದ ಪರೀಕ್ಷೆ ಸಹಜ’ ಎಂಬ ಒಂದು ಸಾಲು ಇಟ್ಟುಕೊಂಡರೆ ಸಾಕು.

## ಹಂತ 4: ರೋಗನಿರ್ಣಯ – ರೆಜಿಸ್ಕಾರ್ ಅಂಕಗಳನ್ನು ಬಿಡಿಸಿ ತೋರಿಸುವುದು

ಕಾಲರೇಖೆಯನ್ನು ಐದನೆಯ ಸ್ಲೈಡಾಗಿ ತೋರಿಸಿ, ಒಂದು ನಿಮಿಷ ಸುಮ್ಮನಿದ್ದು ಸಭೆಯ ಅಭಿಪ್ರಾಯ ಕೇಳಿದ ಮೇಲೆ ಈ ಸ್ಲೈಡಿಗೆ ಬರಬೇಕು. ಕಾಯಿಲೆ ಡ್ರೆಸ್ ಎಂಬುದು ಎಷ್ಟು ಖಚಿತ ಎಂದು ಅಳೆಯುವ ರೆಜಿಸ್ಕಾರ್ ಅಂಕಪಟ್ಟಿಯ ಮೊತ್ತವನ್ನಷ್ಟೇ ಬರೆಯುವುದು ನಿಷ್ಪ್ರಯೋಜಕ. ಪ್ರತಿ ಸಾಲಿಗೂ ಅಂಕ ಮತ್ತು ಅದರ ಆಧಾರ ಕಾಣಬೇಕು.

ನಮ್ಮ ರೋಗಿಗೆ ಅಂಕಗಳು ಹೀಗೆ ಬರುತ್ತವೆ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದಕ್ಕೆ ಸೊನ್ನೆ, ಮುಟ್ಟದಿದ್ದರೆ ಒಂದು ಅಂಕ ಕಳೆಯುತ್ತಿತ್ತು. ಎರಡು ಕಡೆಯ ಗಂಟುಗಳಿಗೆ 1. ಇಯೋಸಿನೋಫಿಲ್ 1,500ಕ್ಕಿಂತ ಹೆಚ್ಚಾದ್ದರಿಂದ 2. ಅಸಹಜ ಲಿಂಫೋಸೈಟುಗಳ ಬಗ್ಗೆ ವರದಿಯಲ್ಲಿ ಏನೂ ಇಲ್ಲ, ಆದ್ದರಿಂದ ಸೊನ್ನೆ. ದದ್ದಿನ ವಿಸ್ತಾರಕ್ಕೆ 1, ಅದರ ಸ್ವರೂಪಕ್ಕೆ 1. ಚರ್ಮದ ಬಯಾಪ್ಸಿ ಮಾಡಿಲ್ಲ, ಸೊನ್ನೆ. ಒಂದೇ ಅಂಗ, ಯಕೃತ್ತು, 1. ವಾಸಿಯಾಗಲು ಹದಿನೈದು ದಿನಕ್ಕಿಂತ ಹೆಚ್ಚು ಹಿಡಿದದ್ದಕ್ಕೆ ಸೊನ್ನೆ. ಹೆಪಟೈಟಿಸ್ ಪರೀಕ್ಷೆಗಳು, ಎಎನ್ಎ, ರಕ್ತದ ಕಲ್ಚರ್ ಮೂರೂ ನೆಗೆಟಿವ್ ಬಂದದ್ದರಿಂದ 1. ಒಟ್ಟು 7. ಐದಕ್ಕಿಂತ ಹೆಚ್ಚಾದರೆ ನಿಶ್ಚಿತ, 4 ಅಥವಾ 5 ಇದ್ದರೆ ಸಂಭವನೀಯ, 2 ಅಥವಾ 3 ಇದ್ದರೆ ಸಾಧ್ಯ ಎಂದು ಅರ್ಥ.

ಇಲ್ಲಿ ಹೆಚ್ಚಾಗಿ ತಪ್ಪುವುದು ಎರಡು ಸಾಲುಗಳು. ಹದಿನೈದು ದಿನದ ಸಾಲಿಗೆ ಅಂಕ ಸಿಗುತ್ತದೆಂದು ಭಾವಿಸುವವರಿದ್ದಾರೆ. ಅದು ಅಂಕ ಕೊಡುವ ಸಾಲಲ್ಲ, ಕಳೆಯುವ ಸಾಲು. ಅಲ್ಲದೆ ರೋಗಿ ವಾರ್ಡಿನಲ್ಲಿ ಇರುವಾಗಲೇ ಮಂಡಿಸುವುದಾದರೆ ಆ ಸಾಲು ‘ಗೊತ್ತಿಲ್ಲ’ ಎಂದಾಗಿ ಒಂದು ಅಂಕ ಹೋಗುತ್ತದೆ. ಕೊನೆಯ ಸಾಲಿನ ಅಂಕ ಪಡೆಯಬೇಕಾದರೆ ಕನಿಷ್ಠ ಮೂರು ಪರೀಕ್ಷೆಗಳನ್ನು ಮಾಡಿಸಿ ನೆಗೆಟಿವ್ ಬಂದಿರಬೇಕು; ಮಾಡಿಸದೆ ‘ಬೇರೆ ಕಾರಣವಿಲ್ಲ’ ಎಂದರೆ ಆಗದು.

ಈ ಅಂಕ ಹೇಳುವುದು ಕಾಯಿಲೆ ಡ್ರೆಸ್ ಹೌದೋ ಅಲ್ಲವೋ ಎಂಬುದನ್ನು ಮಾತ್ರ. ಯಾವ ಮದ್ದು ಕಾರಣ ಎಂಬುದರ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ, ಆದರೂ ಈ ಸ್ಲೈಡಿನಿಂದಲೇ ‘ಆದ್ದರಿಂದ ಫೆನಿಟಾಯಿನ್’ ಎಂದು ಜಿಗಿಯುವುದನ್ನು ಮತ್ತೆ ಮತ್ತೆ ಕಾಣುತ್ತೇವೆ.

## ಹಂತ 5: ಯಾವ ಮದ್ದು? ಎರಡಕ್ಕೂ ಪಕ್ಕಪಕ್ಕದಲ್ಲಿ ಅಂಕ

ಪ್ರತಿಕ್ರಿಯೆಗೆ ಒಂದು ಮದ್ದು ಎಷ್ಟರ ಮಟ್ಟಿಗೆ ಕಾರಣವಿರಬಹುದು ಎಂದು ಅಳೆಯುವ ನರಾಂಜೊ ಅಂಕಪಟ್ಟಿಯಲ್ಲಿ ಹತ್ತು ಪ್ರಶ್ನೆಗಳಿವೆ. ಅದನ್ನು ಫೆನಿಟಾಯಿನ್‌ಗೆ ಮಾತ್ರ ಹಾಕಿ ತೋರಿಸುವುದು ಒಬ್ಬನೇ ಸ್ಪರ್ಧಿ ಇರುವ ಓಟದಂತೆ. ಸ್ಲೈಡನ್ನು ಎರಡು ಅಂಕಣ ಮಾಡಿ, ಒಂದರಲ್ಲಿ ಫೆನಿಟಾಯಿನ್, ಇನ್ನೊಂದರಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇರಿಸಬೇಕು.

ಫೆನಿಟಾಯಿನ್‌ಗೆ: ಹಿಂದೆ ಇಂಥ ವರದಿಗಳಿವೆ, 1. ಮದ್ದಿನ ಅನಂತರ ಪ್ರತಿಕ್ರಿಯೆ, 2. ನಿಲ್ಲಿಸಿದ ಮೇಲೆ ಸುಧಾರಣೆ, 1. ಬೇರೆ ಕಾರಣ ವಿವರಿಸುವುದಿಲ್ಲ, 2. ಪರೀಕ್ಷೆಗಳಿಂದ ದೃಢಪಟ್ಟಿದೆ, 1. ಒಟ್ಟು 7, ಅಂದರೆ ಸಂಭವನೀಯ. ಆ್ಯಂಟಿಬಯಾಟಿಕ್‌ಗೆ: ವರದಿಗಳಿವೆ, 1. ಆದರೆ ಪ್ರತಿಕ್ರಿಯೆ ಮದ್ದಿಗಿಂತ ಮೊದಲೇ ಆರಂಭವಾಗಿದೆ, ಒಂದು ಅಂಕ ಕಳೆಯುತ್ತದೆ. ನಿಲ್ಲಿಸಿದ ಮೇಲೆ ಸುಧಾರಣೆ, 1. ಬೇರೆ ಕಾರಣ ಇದೆ, ಮತ್ತೊಂದು ಕಳೆಯುತ್ತದೆ. ಪರೀಕ್ಷೆಗಳಿಂದ ದೃಢ, 1. ಒಟ್ಟು 1, ಅಂದರೆ ಸಾಧ್ಯ ಎಂಬ ಕೆಳಗಿನ ಮೆಟ್ಟಿಲು. ಬೀಟಾ-ಲ್ಯಾಕ್ಟಮ್ ಗುಂಪಿನ ಮದ್ದುಗಳು ಕೆಲವೊಮ್ಮೆ ಎರಡು ವಾರಕ್ಕಿಂತ ಮೊದಲೇ ಡ್ರೆಸ್ ತರುವುದುಂಟು, ಆದ್ದರಿಂದ ‘ಎರಡೇ ದಿನ ತೆಗೆದುಕೊಂಡಿದ್ದಾರೆ’ ಎಂಬ ವಾದವೊಂದನ್ನೇ ನೆಚ್ಚಿಕೊಳ್ಳಬೇಡಿ. ಜ್ವರ ಮೊದಲು ಬಂದದ್ದೇ ಗಟ್ಟಿಯಾದ ವಾದ.

ಸುಧಾರಣೆಯ ಅಂಕದಲ್ಲಿ ಒಂದು ತೊಡಕಿದೆ, ಅದನ್ನು ನೀವೇ ಎತ್ತಿ ತೋರಿಸಿ. ಎರಡೂ ಮದ್ದುಗಳನ್ನು ಒಂದೇ ದಿನ ನಿಲ್ಲಿಸಲಾಗಿದೆ, ಅದೇ ದಿನ ಸ್ಟೀರಾಯ್ಡ್ ಕೊಡಲಾಗಿದೆ; ಜ್ವರ ಇಳಿದದ್ದು ಯಾವುದರಿಂದ ಎಂದು ಬೇರ್ಪಡಿಸಲಾಗುವುದಿಲ್ಲ. ಆ ಅಂಕವನ್ನು ಎರಡು ಕಡೆಯಿಂದಲೂ ತೆಗೆದುಹಾಕಿದರೆ 6 ಮತ್ತು 0 ಉಳಿಯುತ್ತದೆ. ಫೆನಿಟಾಯಿನ್ ‘ಸಂಭವನೀಯ’ವಾಗಿಯೇ ಇರುತ್ತದೆ, ಆ್ಯಂಟಿಬಯಾಟಿಕ್ ‘ಸಂದೇಹಾಸ್ಪದ’ಕ್ಕೆ ಇಳಿಯುತ್ತದೆ. ಹೀಗೆ ಎರಡು ರೀತಿಯಲ್ಲಿಯೂ ಲೆಕ್ಕ ಹಾಕಿ ತೋರಿಸಿದ ಮಂಡನೆಯನ್ನು ಅಲುಗಾಡಿಸುವುದು ಕಷ್ಟ.

‘ನಿಶ್ಚಿತ’ ಎಂಬ ಮೆಟ್ಟಿಲಿಗೆ 9 ಅಂಕ ಬೇಕು. ಮತ್ತೆ ಅದೇ ಮದ್ದು ಕೊಟ್ಟು ನೋಡಿದರೆ ಸಿಗುವ 2 ಅಂಕ ಇಲ್ಲಿ ದೊರೆಯುವಂತಿಲ್ಲ, ಏಕೆಂದರೆ ಡ್ರೆಸ್ ಆದವರಿಗೆ ಆ ಮದ್ದನ್ನು ಮತ್ತೆ ಕೊಡುವುದು ಪ್ರಾಣಕ್ಕೆ ಅಪಾಯ. ಪ್ಲಸೀಬೊ, ಡೋಸಿನ ಏರಿಳಿತ ಮೊದಲಾದ ಪ್ರಶ್ನೆಗಳೂ ಈ ಬಗೆಯ ಪ್ರತಿರಕ್ಷಾ ಪ್ರತಿಕ್ರಿಯೆಗೆ ಹೊಂದುವುದಿಲ್ಲ. ಆದ್ದರಿಂದ ‘ಸಂಭವನೀಯ’ ಎಂಬುದು ಸಾಕ್ಷ್ಯದ ಕೊರತೆಯಲ್ಲ, ಅಂಕಪಟ್ಟಿಯ ಮಿತಿ.

## ಹಂತ 6: ಲೇಖನ – ಡ್ರೆಸ್ ಬಗ್ಗೆಯೇ ಆಗಬೇಕೆಂದಿಲ್ಲ

ಪ್ರಕರಣಕ್ಕೆ ಲೇಖನ ಹುಡುಕುವಾಗ ಹೆಚ್ಚಿನವರು ಇದೇ ಬಗೆಯ ಇನ್ನೊಂದು ಪ್ರಕರಣ ವರದಿಯನ್ನು ತರುತ್ತಾರೆ. ಒಂದು ಕಥೆಯ ಪಕ್ಕದಲ್ಲಿ ಇನ್ನೊಂದು ಕಥೆ ಇಟ್ಟರೆ ವಿಮರ್ಶೆ ಮಾಡಲು ಏನೂ ಉಳಿಯುವುದಿಲ್ಲ. ಪ್ರಕರಣದಲ್ಲಿ ಉತ್ತರ ಬೇಕಾದ ಪ್ರಶ್ನೆ ಯಾವುದೆಂದು ಕಾಲರೇಖೆಯನ್ನೇ ನೋಡಿ. ಸೆಳೆತವೇ ಬಾರದ ರೋಗಿ 30 ದಿನ ಫೆನಿಟಾಯಿನ್ ತೆಗೆದುಕೊಂಡದ್ದು ಯಾಕೆ?

ಇದಕ್ಕೆ ಹೊಂದುವ ಲೇಖನ ಟೆಮ್ಕಿನ್ ಮತ್ತು ಸಂಗಡಿಗರು 1990ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಪ್ರಯೋಗ. ತಲೆಗೆ ತೀವ್ರ ಪೆಟ್ಟಾದ 404 ಮಂದಿಗೆ ಚೀಟಿ ಎತ್ತಿದಂತೆ ಫೆನಿಟಾಯಿನ್ ಅಥವಾ ಪ್ಲಸೀಬೊವನ್ನು ಒಂದು ವರ್ಷ ಕೊಡಲಾಯಿತು. ಮೊದಲ ವಾರದಲ್ಲಿ ಸೆಳೆತ ಬಂದದ್ದು ಫೆನಿಟಾಯಿನ್ ಗುಂಪಿನಲ್ಲಿ ಶೇ. 3.6, ಪ್ಲಸೀಬೊ ಗುಂಪಿನಲ್ಲಿ ಶೇ. 14.2. ಎಂಟನೆಯ ದಿನದಿಂದ ವರ್ಷದ ಕೊನೆಯವರೆಗೆ ಶೇ. 21.5 ಮತ್ತು ಶೇ. 15.7; ಅಂದರೆ ಒಂದು ವಾರದ ಮೇಲೆ ಪ್ರಯೋಜನ ಕಾಣಲಿಲ್ಲ. ಈ ನಾಲ್ಕು ಸಂಖ್ಯೆಗಳಿಗೆ ಒಂದು ಸ್ಲೈಡು ಸಾಕು.

ವಿಮರ್ಶೆಯ ಸ್ಲೈಡಿನಲ್ಲಿ ಎರಡು ಮಾತುಗಳಿಗೆ ಜಾಗ ಕೊಡಿ. ಮೊದಲನೆಯದು, ಪ್ರಯೋಗದಲ್ಲಿದ್ದವರ ಪೆಟ್ಟು ತೀವ್ರವಾದದ್ದು. ನಮ್ಮ ರೋಗಿ ಆ ಗುಂಪಿಗೆ ಸೇರುತ್ತಾರೆಯೇ ಎಂಬುದನ್ನು ಸಿ.ಟಿ. ವರದಿ ನೋಡಿ ಹೇಳಬೇಕು. ಎರಡನೆಯದು ಇನ್ನೂ ಮುಖ್ಯ. ಅಪಸ್ಮಾರದ ಮದ್ದುಗಳಿಂದ ಡ್ರೆಸ್ ಆಗುವ ಪ್ರಮಾಣ 1,000ದಿಂದ 10,000 ಮಂದಿಯಲ್ಲಿ ಒಬ್ಬರಿಗೆ ಎಂದು ಅಂದಾಜು. ಫೆನಿಟಾಯಿನ್ ಪಡೆದವರು ಸುಮಾರು 200 ಮಂದಿ ಇರುವ ಪ್ರಯೋಗದಲ್ಲಿ ಒಬ್ಬರಿಗೂ ಆಗಲಿಲ್ಲ ಎಂದಿಟ್ಟುಕೊಂಡರೂ, ಯಾರಿಗೂ ಆಗದಿದ್ದಾಗ ಬಳಸುವ ‘ಮೂರರ ನಿಯಮ’ದಂತೆ ಮೂರನ್ನು 200ರಿಂದ ಭಾಗಿಸಿದಾಗ ಬರುವ ಶೇ. 1.5ರವರೆಗಿನ ಅಪಾಯವನ್ನು ಅದು ತಳ್ಳಿಹಾಕಲಾರದು. ಹಾಗಾಗಿ ‘ಪ್ರಯೋಗದಲ್ಲಿ ಮದ್ದು ಸುರಕ್ಷಿತವೆಂದು ಕಂಡಿತು’ ಎಂಬ ವಾಕ್ಯ ನಿಮ್ಮ ಸ್ಲೈಡಿನಲ್ಲಿ ಇದ್ದರೆ ಅಳಿಸಿ. ಪ್ರಯೋಜನದ ಪ್ರಶ್ನೆಗೆ ಈ ಲೇಖನ ಉತ್ತರಿಸುತ್ತದೆ, ಅಪರೂಪದ ಹಾನಿಯ ಪ್ರಶ್ನೆಗೆ ಉತ್ತರಿಸುವಷ್ಟು ದೊಡ್ಡದಲ್ಲ.

## ಹಂತ 7: ತಡೆಯಬಹುದಿತ್ತೇ, ಈಗೇನು ಮಾಡಬೇಕು

ಸೆಳೆತ ಬಾರದವರಿಗೆ ಏಳು ದಿನಗಳ ಮೇಲೆ ತಡೆಮದ್ದು ಬೇಡವಾಗಿದ್ದರೆ, ಡ್ರೆಸ್ ಕಾಣಿಸಿಕೊಳ್ಳುವ ಅವಧಿ ಆರಂಭವಾಗುವ ಮೊದಲೇ ಫೆನಿಟಾಯಿನ್ ನಿಂತಿರುತ್ತಿತ್ತು. ಈ ಮಾತನ್ನು ಹೇಳುವಾಗ ಹಿಂದಿನ ಆಸ್ಪತ್ರೆಯ ಹೆಸರು ಸ್ಲೈಡಿನಲ್ಲಿ ಬರಬಾರದು. ‘ಡಿಸ್ಚಾರ್ಜ್ ಚೀಟಿಯಲ್ಲಿ ನಿಲ್ಲಿಸುವ ದಿನಾಂಕವಿರಲಿಲ್ಲ’ ಎಂದರೆ ವಿಷಯ ಪೂರ್ತಿಯಾಗುತ್ತದೆ, ಅದು ನಮ್ಮ ಚೀಟಿಗಳಿಗೂ ಅನ್ವಯಿಸುತ್ತದೆ.

ಚಿಕಿತ್ಸೆಯ ಸ್ಲೈಡು ಚಿಕ್ಕದಿರಲಿ. ಪ್ರೆಡ್ನಿಸೊಲೋನ್ ದಿನಕ್ಕೆ ಕಿಲೋಗೆ 0.5ರಿಂದ 1 ಮಿ.ಗ್ರಾಂ, ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಬೇಗ ಇಳಿಸಿದರೆ ಕಾಯಿಲೆ ಮರುಕಳಿಸುತ್ತದೆ. ಚೇತರಿಸಿಕೊಂಡ ತಿಂಗಳುಗಳ ಬಳಿಕ ಥೈರಾಯ್ಡ್ ತೊಂದರೆ ಬರುವುದುಂಟಾದ್ದರಿಂದ ಟಿಎಸ್ಎಚ್ ಪರೀಕ್ಷೆಯ ದಿನಾಂಕವನ್ನು ಈಗಲೇ ಗೊತ್ತುಮಾಡಬೇಕು.

ರೋಗಿಯ ಕೈಗೆ ಕೊಡುವ ಕಾರ್ಡಿನ ಚಿತ್ರವನ್ನು ಸ್ಲೈಡಿನಲ್ಲಿ ಹಾಕಿದರೆ ಚರ್ಚೆ ಚೆನ್ನಾಗಿ ನಡೆಯುತ್ತದೆ. ಅದರಲ್ಲಿ ಫೆನಿಟಾಯಿನ್ ಜೊತೆಗೆ ಕಾರ್ಬಮಾಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫಿನೋಬಾರ್ಬಿಟಾಲ್, ಲ್ಯಾಮೊಟ್ರಿಜಿನ್ ಹೆಸರುಗಳೂ ಇರಬೇಕು, ಏಕೆಂದರೆ ಒಂದಕ್ಕೆ ಪ್ರತಿಕ್ರಿಯೆ ಬಂದವರಿಗೆ ಈ ಗುಂಪಿನ ಇನ್ನೊಂದಕ್ಕೂ ಬರುವ ಸಂಭವ ಹೆಚ್ಚು. ಮಂಗಳೂರಿಗೂ ಕಣ್ಣೂರಿಗೂ ಹೋಗಿಬರುವ ರೋಗಿಯ ಕಾರ್ಡು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿಯೂ ಇದ್ದರೆ ಉಪಯೋಗಕ್ಕೆ ಬರುತ್ತದೆ. ಪೆನಿಸಿಲಿನ್ ಅಲರ್ಜಿ ಎಂದು ಮಾತ್ರ ಅವಸರದಲ್ಲಿ ಬರೆಯಬೇಡಿ. 1 ಅಥವಾ 0 ಅಂಕ ಬಂದ ಮದ್ದಿನ ಗುಂಪನ್ನು ಬದುಕಿಡೀ ಮುಚ್ಚಿಬಿಡುವ ಮೊದಲು ಅಲರ್ಜಿ ತಜ್ಞರ ಅಭಿಪ್ರಾಯ ಬೇಕು.

ವರದಿ ಸಲ್ಲಿಸಿದ ಬಗ್ಗೆಯೂ ಒಂದು ಸಾಲು ಇರಲಿ. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದೆ. ಶುಲ್ಕರಹಿತ ಸಂಖ್ಯೆ 1800-180-3024. ಸಂಶಯವಿದ್ದರೆ ಸಾಕು, ನಿಶ್ಚಯವಾಗಲೆಂದು ಕಾಯಬೇಕಾಗಿಲ್ಲ. ನಮೂನೆಯಲ್ಲಿ ಎರಡೂ ಮದ್ದುಗಳ ಆರಂಭ ಮತ್ತು ನಿಲುಗಡೆಯ ದಿನಾಂಕ ಕೇಳುತ್ತಾರೆ, ನಿಮ್ಮ ಕಾಲರೇಖೆ ಇಲ್ಲಿ ಎರಡನೆಯ ಸಲ ಉಪಯೋಗಕ್ಕೆ ಬರುತ್ತದೆ.

## ಹಂತ 8: ಮಂಡನೆಯ ಮುನ್ನಾದಿನ

ಮದ್ದಿನ ರಾಸಾಯನಿಕ ರಚನೆ, ಅದು ಕೆಲಸ ಮಾಡುವ ಬಗೆ, ಡ್ರೆಸ್‌ನ ಉಗಮದ ಬಗೆಗಿನ ಸಿದ್ಧಾಂತಗಳು: ಇವುಗಳ ಸ್ಲೈಡುಗಳಿದ್ದರೆ ಕೊನೆಯ ಸ್ಲೈಡಿನ ಹಿಂದೆ ಸರಿಸಿಡಿ, ಕೇಳಿದರೆ ಮಾತ್ರ ತೆರೆಯಿರಿ. ಸಿವೈಪಿ2ಸಿ9 ಜೀನಿನ *3 ರೂಪ ಇದ್ದವರಲ್ಲಿ ಫೆನಿಟಾಯಿನ್ ದೇಹದಲ್ಲಿ ನಿಧಾನವಾಗಿ ವಿಭಜನೆಯಾಗುತ್ತದೆ ಮತ್ತು ತೀವ್ರ ಚರ್ಮ ಪ್ರತಿಕ್ರಿಯೆಗಳ ಅಪಾಯ ಹೆಚ್ಚು ಎಂಬ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಹೆಚ್ಚಿನ ಪ್ರಶ್ನೆಗಳಿಗೆ ಸಾಕಾಗುತ್ತದೆ.

ಸ್ನೇಹಿತರೊಬ್ಬರಿಗೆ ಕಾಲರೇಖೆಯ ಸ್ಲೈಡನ್ನು ಮಾತ್ರ ತೋರಿಸಿ, ಏನನ್ನೂ ಹೇಳದೆ, ಯಾವ ಮದ್ದು ಕಾರಣವಿರಬಹುದೆಂದು ಕೇಳಿ. ಅವರು ಆ್ಯಂಟಿಬಯಾಟಿಕ್ ಎಂದರೆ ನಿಮ್ಮ ಸ್ಲೈಡಿನಲ್ಲಿ ದದ್ದು ದೊಡ್ಡದಾಗಿಯೂ ಜ್ವರ ಸಣ್ಣದಾಗಿಯೂ ಕಾಣುತ್ತಿದೆ ಎಂದರ್ಥ. ಜ್ವರದ ಗುರುತನ್ನು ಅದೇ ಬಣ್ಣದಲ್ಲಿ, ಅದೇ ಗಾತ್ರದಲ್ಲಿ ಹಾಕಿ ಮತ್ತೆ ತೋರಿಸಿ. ‘ಫೆನಿಟಾಯಿನ್ ಬದಲಿಗೆ ಯಾವ ಮದ್ದು ಕೊಟ್ಟಿರಿ?’ ಎಂಬ ಪ್ರಶ್ನೆ ಸಭೆಯಲ್ಲಿ ಬರುವುದು ಬಹುತೇಕ ಖಚಿತ. ಲೆವೆಟಿರಾಸೆಟಮ್ ಎಂದು ಅಭ್ಯಾಸಬಲದಿಂದ ಹೇಳಿಬಿಡಬೇಡಿ. ಸೆಳೆತ ಎಂದೂ ಬಾರದ, ಪೆಟ್ಟಾಗಿ ನಾಲ್ಕು ವಾರ ಕಳೆದ ಈ ರೋಗಿಗೆ ನರಶಸ್ತ್ರಚಿಕಿತ್ಸಕರ ಅಭಿಪ್ರಾಯ ಪಡೆದು ಯಾವುದನ್ನೂ ಕೊಡಲಿಲ್ಲ ಎಂಬುದೇ ಉತ್ತರ. ಹಾಗೆ ಹೇಳುವಾಗ ಲೇಖನದ ಸ್ಲೈಡಿಗೆ ಹಿಂದಿರುಗಿ ಶೇ. 21.5 ಮತ್ತು 15.7ರ ಸಾಲನ್ನು ತೋರಿಸಬೇಕು.